ಕತಬ, ಕುತಿಬ: ಅರಬಿ ಕ್ರಿಯಾಪದಗಳ ಕರ್ಮಣಿ ಪ್ರಯೋಗಕ್ಕೆ ಹಂತ ಹಂತದ ಮಾರ್ಗದರ್ಶಿ

ಅರಬಿ ಪತ್ರಿಕೆಯೊಂದರ ಶೀರ್ಷಿಕೆ ಕಾಫ್, ತಾ, ಲಾಮ್ ಎಂಬ ಮೂರು ಅಕ್ಷರಗಳಿಂದ ಶುರುವಾಗಿದೆ ಎಂದುಕೊಳ್ಳಿ. ಅದನ್ನು ‘ಕತಲ’ ಎಂದು ಓದಿದರೆ ‘ಕೊಂದನು’ ಎಂದರ್ಥ. ‘ಕುತಿಲ’ ಎಂದು ಓದಿದರೆ ‘ಕೊಲ್ಲಲ್ಪಟ್ಟನು’. ಅಚ್ಚಿನಲ್ಲಿ ಎರಡೂ ಒಂದೇ, ಏಕೆಂದರೆ ಅರಬಿ ಪತ್ರಿಕೆಗಳು ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಕೊಂದವನು ಯಾರು, ಸತ್ತವನು ಯಾರು ಎಂಬುದು ಓದುಗನ ಬಾಯಲ್ಲಿ ಹುಟ್ಟುವ ಎರಡು ಸ್ವರಗಳ ಮೇಲೆ ನಿಂತಿದೆ. ಆ ಸ್ವರಗಳನ್ನು ಎಲ್ಲಿ, ಹೇಗೆ ಬದಲಿಸಬೇಕು, ಬರೆದಿಲ್ಲದಿರುವಾಗ ಹೇಗೆ ಗುರುತಿಸಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಅರಬಿ ಅಕ್ಷರಗಳನ್ನು ಓದಬಲ್ಲ, ಭೂತಕಾಲ (ಮಾಝಿ) ಮತ್ತು ವರ್ತಮಾನಕಾಲದ (ಮುಝಾರಿ) ಸಾಮಾನ್ಯ ರೂಪಗಳನ್ನು ಒಮ್ಮೆ ಕಲಿತ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮದ್ರಸಾದಲ್ಲಿ ಕಲಿತವರಿರಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಮಾಡುತ್ತ ಫಲಕಗಳನ್ನು ಓದಲು ಹೆಣಗುವವರಿರಲಿ, ತೊಡಕು ಬರುವುದು ಒಂದೇ ಜಾಗದಲ್ಲಿ. ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಇದರಿಂದ ಒಂದು ಲಾಭವಿದೆ: ನಮ್ಮ ಲಿಪಿಯಲ್ಲಿ ಸ್ವರ ಅಡಗಿ ಕೂರಲಾರದು, ಪ್ರತಿ ಅಕ್ಷರದ ಗುಣಿತವೂ ಕಣ್ಣಿಗೆ ಕಾಣುತ್ತದೆ. ನಷ್ಟವೂ ಇದೆ: ಅರಬಿಯ ಎರಡು ಬಗೆಯ ಕಾಫ್‌ಗಳಿಗೆ, ಎರಡು ಬಗೆಯ ಸಕಾರಗಳಿಗೆ ನಮ್ಮಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ಗಂಟಲಿನಿಂದ ಬರುವ ‘ಐನ್’ ಅಕ್ಷರಕ್ಕೆ ಮೇಲುಗೆರೆಯ ಚಿಹ್ನೆ (’) ಬಳಸಿದ್ದೇನೆ.

ಮೊದಲ ಹಂತ: ಮೂರು ಸ್ವರಗಳು

ಅರಬಿಯಲ್ಲಿ ಹ್ರಸ್ವ ಸ್ವರಗಳು ಮೂರೇ: ಅ, ಇ, ಉ. ಅರಬಿ ವ್ಯಾಕರಣದಲ್ಲಿ ಇವು ಫತ್‌ಹ, ಕಸ್ರ ಮತ್ತು ದಮ್ಮ. ಉರ್ದು ಮೂಲಕ ಕಲಿತವರ ಬಾಯಲ್ಲಿ ಝಬರ್, ಝೇರ್ ಮತ್ತು ಪೇಶ್. ಸ್ವರವೇ ಇಲ್ಲದ ಅಕ್ಷರಕ್ಕೆ, ಅಂದರೆ ನಮ್ಮ ಅರ್ಧಾಕ್ಷರಕ್ಕೆ, ಸುಕೂನ್ ಎಂಬ ಗುರುತು. ಕರ್ಮಣಿ ಪ್ರಯೋಗದ ವ್ಯವಹಾರವೆಲ್ಲ ಈ ಮೂರು ಸ್ವರಗಳ ಅದಲುಬದಲಿನಲ್ಲೇ ಮುಗಿಯುತ್ತದೆ. ಕನ್ನಡದಲ್ಲಿ ‘ಬರೆ’ ಎಂಬುದಕ್ಕೆ ‘ಅಲ್ಪಡು’ ಸೇರಿಸಿ ‘ಬರೆಯಲ್ಪಟ್ಟಿತು’ ಎನ್ನುತ್ತೇವೆ, ಇಲ್ಲವೇ ‘ಬರೆಯಲಾಯಿತು’ ಎನ್ನುತ್ತೇವೆ. ಕ್ರಿಯಾಪದಕ್ಕೆ ಬಾಲ ಬೆಳೆಯುತ್ತದೆ. ಅರಬಿಯಲ್ಲಿ ಹೊರಗಿನಿಂದ ಏನನ್ನೂ ಅಂಟಿಸುವುದಿಲ್ಲ, ಪದದ ಒಳಗಿನ ಗುಣಿತ ಬದಲಾಗುತ್ತದೆ.

ಕರ್ತೃವನ್ನು ಹೇಳುವ ರೂಪಕ್ಕೆ ಮ’ರೂಫ್ ಎಂದೂ ಹೇಳದ ರೂಪಕ್ಕೆ ಮಜ್‌ಹೂಲ್ ಎಂದೂ ಹೆಸರು. ಮುಂದೆ ಕರ್ತರಿ, ಕರ್ಮಣಿ ಎಂಬ ನಮ್ಮ ಶಾಲೆಯ ಪದಗಳನ್ನೇ ಬಳಸುತ್ತೇನೆ.

ಎರಡನೆಯ ಹಂತ: ಭೂತಕಾಲ

ಸೂತ್ರ ಚಿಕ್ಕದು. ಮೊದಲ ಅಕ್ಷರಕ್ಕೆ ಉಕಾರ ಕೊಡಿ. ಕೊನೆಯ ಅಕ್ಷರದ ಹಿಂದಿನ ಅಕ್ಷರಕ್ಕೆ ಇಕಾರ ಕೊಡಿ. ಕೊನೆಯ ಅಕ್ಷರವನ್ನು ಇದ್ದಂತೆಯೇ ಬಿಡಿ.

ಕತಬ (ಬರೆದನು) ಎಂಬುದು ಕುತಿಬ ಆಗುತ್ತದೆ. ಫತಹ (ತೆರೆದನು) ಎಂಬುದು ಫುತಿಹ, ನಸರ (ನೆರವಾದನು) ಎಂಬುದು ನುಸಿರ. ಶರಿಬ (ಕುಡಿದನು) ಎಂಬ ಪದದಲ್ಲಿ ನಡುವೆ ಇಕಾರ ಮೊದಲೇ ಇದೆ, ಹಾಗಾಗಿ ಅಲ್ಲಿ ಬದಲಾಗುವುದು ಮೊದಲ ಅಕ್ಷರ ಮಾತ್ರ: ಶುರಿಬ.

‘ಕೊನೆಯ ಅಕ್ಷರ’ ಎಂದರೆ ಮೂಲ ಕ್ರಿಯಾಪದದ ಕೊನೆಯ ಅಕ್ಷರ ಎಂಬುದನ್ನು ಮರೆಯಬೇಡಿ. ಪುರುಷ, ಲಿಂಗ, ವಚನಗಳನ್ನು ತೋರಿಸುವ ಪ್ರತ್ಯಯಗಳು ಅದರ ನಂತರ ಬರುತ್ತವೆ, ಕರ್ತರಿಯಲ್ಲಿ ಇದ್ದ ಹಾಗೆಯೇ ಇರುತ್ತವೆ. ನುಸಿರ (ಅವನಿಗೆ ನೆರವು ಸಿಕ್ಕಿತು), ನುಸಿರತ್ (ಅವಳಿಗೆ), ನುಸಿರೂ (ಅವರಿಗೆ), ನುಸಿರ್‌ತ (ನಿನಗೆ), ನುಸಿರ್‌ತು (ನನಗೆ), ನುಸಿರ್‌ನಾ (ನಮಗೆ). ಎಲ್ಲದರಲ್ಲೂ ಮುಂದಿನ ‘ನುಸಿರ್’ ಅಲುಗಾಡದೆ ನಿಂತಿರುವುದನ್ನು ಗಮನಿಸಿ.

ಕಿವಿಗೆ ಈ ಲಯ ಹಿಡಿಯಲು ಕುರ್‌ಆನಿನ 88ನೆಯ ಅಧ್ಯಾಯದ ನಾಲ್ಕು ವಚನಗಳಿಗಿಂತ (17ರಿಂದ 20) ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಒಂಟೆಯನ್ನು ನೋಡುವುದಿಲ್ಲವೇ, ಅದು ಹೇಗೆ ‘ಖುಲಿಕತ್’ (ಸೃಷ್ಟಿಸಲ್ಪಟ್ಟಿತು) ಎಂದು. ಆಕಾಶವನ್ನು, ಹೇಗೆ ‘ರುಫಿ’ಅತ್’ (ಎತ್ತಲ್ಪಟ್ಟಿತು) ಎಂದು. ಬೆಟ್ಟಗಳನ್ನು, ಹೇಗೆ ‘ನುಸಿಬತ್’ (ನಿಲ್ಲಿಸಲ್ಪಟ್ಟವು) ಎಂದು. ಭೂಮಿಯನ್ನು, ಹೇಗೆ ‘ಸುತಿಹತ್’ (ಹರಡಲ್ಪಟ್ಟಿತು) ಎಂದು. ಕರ್ತರಿಯಲ್ಲಿ ಇವು ಕ್ರಮವಾಗಿ ಖಲಕ, ರಫ’ಅ, ನಸಬ, ಸತಹ. ನಾಲ್ಕೂ ಒಂದೇ ಅಚ್ಚಿಗೆ ಬಿದ್ದಿವೆ: ಉ, ಇ, ಅ, ಮತ್ತು ಕೊನೆಗೆ ಸ್ತ್ರೀಲಿಂಗದ ‘ತ್’. ಸ್ತ್ರೀಲಿಂಗ ಏಕೆ? ಅರಬಿಯಲ್ಲಿ ಒಂಟೆಗಳಿಗೆ ಹೇಳುವ ಇಬಿಲ್, ಆಕಾಶ, ಭೂಮಿ ಇವು ಸ್ತ್ರೀಲಿಂಗ ಪದಗಳು. ಬೆಟ್ಟಗಳು ಮನುಷ್ಯರಲ್ಲದ ಬಹುವಚನ, ಅಂಥವಕ್ಕೆ ಕ್ರಿಯಾಪದ ಸ್ತ್ರೀಲಿಂಗ ಏಕವಚನದಲ್ಲೇ ಬರುತ್ತದೆ. ಅಂದರೆ ಕ್ರಿಯಾಪದ ಈಗ ಹೊಂದಿಕೊಳ್ಳುತ್ತಿರುವುದು ಮಾಡಿದವನ ಜೊತೆಗಲ್ಲ, ಕ್ರಿಯೆಗೆ ಒಳಗಾದ ವಸ್ತುವಿನ ಜೊತೆಗೆ. ಕನ್ನಡಿಗರು ಎಡವುವುದು ಸರಿಯಾಗಿ ಇಲ್ಲೇ.

ಮೂರನೆಯ ಹಂತ: ಕ್ರಿಯಾಪದದ ಪಕ್ಕದ ನಾಮಪದ

‘ಹುಡುಗ ಬಾಗಿಲನ್ನು ತೆರೆದನು’ ಎಂಬುದಕ್ಕೆ ಅರಬಿಯಲ್ಲಿ ‘ಫತಹಲ್ ವಲದುಲ್ ಬಾಬ’. ವಲದು (ಹುಡುಗ) ಕರ್ತೃ, ಆದ್ದರಿಂದ ಉಕಾರಾಂತ. ಬಾಬ (ಬಾಗಿಲನ್ನು) ಕರ್ಮ, ಆದ್ದರಿಂದ ಅಕಾರಾಂತ. ಕರ್ಮಣಿಗೆ ತಿರುಗಿಸಿದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಫತಹ ಎಂಬುದು ಫುತಿಹ ಆಗುತ್ತದೆ. ಹುಡುಗ ವಾಕ್ಯದಿಂದ ಪೂರ್ತಿ ಹೊರಬೀಳುತ್ತಾನೆ. ಬಾಗಿಲು ಅವನ ಜಾಗಕ್ಕೆ ಬಂದು ಉಕಾರ ಪಡೆಯುತ್ತದೆ. ಉಳಿಯುವುದು ‘ಫುತಿಹಲ್ ಬಾಬು’.

ಹೀಗೆ ಕರ್ತೃವಿನ ಜಾಗದಲ್ಲಿ ಕೂತ ಕರ್ಮಕ್ಕೆ ಅರಬಿ ವೈಯಾಕರಣರು ಇಟ್ಟ ಹೆಸರು ನಾಇಬುಲ್ ಫಾ’ಇಲ್. ಎಂದರೆ ಕರ್ತೃವಿನ ಪ್ರತಿನಿಧಿ.

ಈಗ ಕನ್ನಡದ ಕಡೆ ನೋಡಿ. ನಾವು ದಿನವೂ ಓದುವ ಕನ್ನಡದಲ್ಲಿ ‘ಪತ್ರವನ್ನು ಬರೆಯಲಾಯಿತು’, ‘ಬಾಗಿಲನ್ನು ತೆರೆಯಲಾಯಿತು’ ಎಂಬ ವಾಕ್ಯಗಳು ಧಾರಾಳವಾಗಿವೆ. ಕರ್ತೃ ಇಲ್ಲ, ಆದರೂ ಕರ್ಮ ‘ಅನ್ನು’ ಪ್ರತ್ಯಯವನ್ನು ಬಿಟ್ಟಿಲ್ಲ. ‘ಅಲಾಗು’ ರೂಪ ಕರ್ಮವನ್ನು ಕರ್ಮವಾಗಿಯೇ ಉಳಿಸಿಕೊಳ್ಳುತ್ತದೆ. ಅದೇ ಅಭ್ಯಾಸದಲ್ಲಿ ಅರಬಿ ಬರೆಯಹೊರಟವರು ‘ಫುತಿಹಲ್ ಬಾಬ’ ಎಂದು ಬರೆಯುತ್ತಾರೆ. ಕ್ರಿಯಾಪದ ಸರಿ, ನಾಮಪದ ತಪ್ಪು. ಹೈಸ್ಕೂಲಿನಲ್ಲಿ ಕಲಿತ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಮಾದರಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ರಾವಣ ಪ್ರಥಮಾ ವಿಭಕ್ತಿಗೆ ಬಂದಿದ್ದಾನೆ, ಕ್ರಿಯಾಪದವೂ ಅವನಿಗೇ ಹೊಂದಿಕೊಂಡಿದೆ. ಅರಬಿಗೆ ಅನುವಾದಿಸುವ ಮುನ್ನ ಕನ್ನಡ ವಾಕ್ಯವನ್ನು ಮನಸ್ಸಿನಲ್ಲೇ ‘ಅಲ್ಪಡು’ ರೂಪಕ್ಕೆ ತಿರುಗಿಸಿಕೊಳ್ಳಿ. ಕಿವಿಗೆ ಒರಟಾಗಿ ಕೇಳಿಸಿದರೂ ವಿಭಕ್ತಿ ತಪ್ಪುವುದಿಲ್ಲ.

ಲಿಂಗದ ವಿಷಯವೂ ಇದರ ಹಿಂದೆಯೇ ಬರುತ್ತದೆ. ‘ಆ ಮನುಷ್ಯ ಪತ್ರವನ್ನು ಬರೆದನು’ ಎಂದರೆ ‘ಕತಬರ್ ರಜುಲುರ್ ರಿಸಾಲತ’. ಬರೆದವನು ಗಂಡಸು, ಕ್ರಿಯಾಪದ ಪುಲ್ಲಿಂಗ. ಆದರೆ ರಿಸಾಲತ್ (ಪತ್ರ) ಸ್ತ್ರೀಲಿಂಗ. ಹಾಗಾಗಿ ಕರ್ಮಣಿಯಲ್ಲಿ ‘ಕುತಿಬತಿರ್ ರಿಸಾಲತು’ ಎನ್ನಬೇಕು. ‘ಕುತಿಬತ್’ ಎಂಬುದರ ಕೊನೆಯ ‘ತ್’ ಮುಂದಿನ ಪದಕ್ಕೆ ಕೂಡಿಕೊಳ್ಳುವಾಗ ಇಕಾರ ಪಡೆದು ‘ತಿ’ ಆಗಿದೆ. ಇದು ಉಚ್ಚಾರಣೆಯ ಅನುಕೂಲಕ್ಕೆ ಬಂದದ್ದು, ಕರ್ಮಣಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಕರ್ಮಗಳಿರುವ ಕ್ರಿಯಾಪದಗಳಲ್ಲಿ ಕನ್ನಡದ ಅಭ್ಯಾಸ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ‘ಬಡವನಿಗೆ ಒಂದು ದಿರ್‌ಹಮ್ ಕೊಡಲಾಯಿತು’ ಎಂದಾಗ ಬಡವ ಚತುರ್ಥಿಯಲ್ಲೇ ಉಳಿಯುತ್ತಾನೆ. ಅರಬಿಯ ‘ಅ’ತಾ’ (ಕೊಟ್ಟನು) ಬಡವ ಮತ್ತು ದಿರ್‌ಹಮ್ ಎರಡನ್ನೂ ನೇರ ಕರ್ಮವಾಗಿ ತೆಗೆದುಕೊಳ್ಳುತ್ತದೆ. ಕರ್ಮಣಿಯಲ್ಲಿ ಮೊದಲ ಕರ್ಮ ಪ್ರತಿನಿಧಿಯ ಸ್ಥಾನಕ್ಕೆ ಏರುತ್ತದೆ, ಎರಡನೆಯದು ಅಕಾರದಲ್ಲೇ ಉಳಿಯುತ್ತದೆ: ‘ಉ’ತಿಯಲ್ ಫಕೀರು ದಿರ್‌ಹಮನ್’.

ನಾಲ್ಕನೆಯ ಹಂತ: ವರ್ತಮಾನಕಾಲ

ಇಲ್ಲೂ ಎರಡೇ ಬದಲಾವಣೆ. ಮುಂದೆ ಅಂಟಿಕೊಂಡಿರುವ ಕಾಲಸೂಚಕ ಅಕ್ಷರಕ್ಕೆ (ಯ, ತ, ಅ, ನ) ಉಕಾರ. ಕೊನೆಯ ಅಕ್ಷರದ ಹಿಂದಿನದಕ್ಕೆ ಅಕಾರ. ಭೂತಕಾಲದಲ್ಲಿ ಇಕಾರ ಕೊಟ್ಟ ಜಾಗಕ್ಕೆ ಇಲ್ಲಿ ಅಕಾರ ಬರುತ್ತದೆ ಎಂಬುದೇ ಮುಖ್ಯ.

ಯಕ್ತುಬು (ಬರೆಯುತ್ತಾನೆ) ಎಂಬುದು ಯುಕ್ತಬು. ಯದ್ರಿಬು (ಹೊಡೆಯುತ್ತಾನೆ) ಎಂಬುದು ಯುದ್ರಬು. ಯಫ್ತಹು (ತೆರೆಯುತ್ತಾನೆ) ಎಂಬುದು ಯುಫ್ತಹು. ಕರ್ತರಿಯಲ್ಲಿ ನಡುವಿನ ಸ್ವರ ಉ, ಇ, ಅ ಎಂದು ಕ್ರಿಯಾಪದಕ್ಕೊಂದರಂತೆ ಇರುತ್ತದೆ, ಅದನ್ನು ನಿಘಂಟು ನೋಡಿ ಬಾಯಿಪಾಠ ಮಾಡದೆ ಗತಿಯಿಲ್ಲ. ಕರ್ಮಣಿಯಲ್ಲಿ ಆ ಭೇದವೆಲ್ಲ ಅಳಿಸಿಹೋಗಿ ಒಂದೇ ಅಕಾರ ಉಳಿಯುತ್ತದೆ. ಕಲಿಯುವವನಿಗೆ ಕರ್ತರಿಗಿಂತ ಕರ್ಮಣಿ ಸುಲಭವಾಗುವ ಅಪರೂಪದ ಜಾಗ ಇದು.

ಕೊನೆಯ ಅಕ್ಷರದ ಸ್ವರಕ್ಕೆ ಇಲ್ಲೂ ಕೈ ಹಾಕಬೇಡಿ. ಅದನ್ನು ನಿರ್ಧರಿಸುವುದು ಹಿಂದೆ ಬರುವ ‘ಲಮ್’, ‘ಲನ್’ ಮುಂತಾದ ಅವ್ಯಯಗಳು: ಯುಕ್ತಬು (ಬರೆಯಲ್ಪಡುತ್ತದೆ), ಲಮ್ ಯುಕ್ತಬ್ (ಬರೆಯಲ್ಪಡಲಿಲ್ಲ), ಲನ್ ಯುಕ್ತಬ (ಬರೆಯಲ್ಪಡುವುದಿಲ್ಲ).

ಹೊಸಬರ ಸಾಮಾನ್ಯ ತಪ್ಪೆಂದರೆ ಭೂತಕಾಲದ ಇಕಾರವನ್ನು ವರ್ತಮಾನಕ್ಕೂ ಹೊತ್ತು ತರುವುದು: ‘ಯುಕ್ತಿಬು’. ಇದು ಅರ್ಥವಿಲ್ಲದ ಪದವಾಗಿದ್ದರೆ ಕೇಳುವವರು ತಿದ್ದಿಕೊಳ್ಳುತ್ತಿದ್ದರು. ಆದರೆ ‘ಅಕ್ತಬ’ ಎಂಬ ಇನ್ನೊಂದು ಕ್ರಿಯಾಪದವಿದೆ, ಅದಕ್ಕೆ ‘ಹೇಳಿ ಬರೆಯಿಸು’ ಎಂಬ ಅರ್ಥ. ಅದರ ಕರ್ತರಿ ವರ್ತಮಾನವೇ ‘ಯುಕ್ತಿಬು’. ನೀವು ‘ಬರೆಯಲ್ಪಡುತ್ತದೆ’ ಎಂದು ಹೇಳಹೊರಟು ‘ಬರೆಯಿಸುತ್ತಾನೆ’ ಎಂದು ಹೇಳಿರುತ್ತೀರಿ.

ಐದನೆಯ ಹಂತ: ಉದ್ದದ ಕ್ರಿಯಾಪದಗಳು

ಮೂರಕ್ಷರದ ಮೂಲಕ್ಕೆ ಹೆಚ್ಚುವರಿ ಅಕ್ಷರಗಳು ಸೇರಿ ಆದ ಕ್ರಿಯಾಪದಗಳಿಗೂ ಇದೇ ಸೂತ್ರ, ಸಣ್ಣ ತಿದ್ದುಪಡಿಯೊಂದಿಗೆ. ಕಸ್ಸರ (ಚೂರು ಮಾಡಿದನು) ಎಂಬುದು ಕುಸ್ಸಿರ. ಅರ್ಸಲ (ಕಳಿಸಿದನು) ಎಂಬುದು ಉರ್ಸಿಲ. ಶಾಹದ (ನೋಡಿದನು) ಎಂಬುದರಲ್ಲಿ ಮೊದಲ ಅಕ್ಷರದ ಮುಂದೆ ದೀರ್ಘವಿದೆ. ಉಕಾರದ ಮುಂದೆ ‘ಆ’ ನಿಲ್ಲಲಾರದು, ಆದ್ದರಿಂದ ಅದೂ ‘ಊ’ ಆಗಿ ‘ಶೂಹಿದ’ ಎಂದಾಗುತ್ತದೆ.

ತಿದ್ದುಪಡಿ ಬರುವುದು ಎರಡು ಗುಂಪುಗಳಿಗೆ. ‘ತ’ ಎಂಬ ಹೆಚ್ಚುವರಿ ಅಕ್ಷರದಿಂದ ಶುರುವಾಗುವವುಗಳಲ್ಲಿ ಎರಡನೆಯ ಅಕ್ಷರಕ್ಕೂ ಉಕಾರ: ತಸಲ್ಲಮ (ಸ್ವೀಕರಿಸಿದನು) ಎಂಬುದು ತುಸುಲ್ಲಿಮ. ಮರಣವಾರ್ತೆಗಳಲ್ಲಿ ಕಾಣುವ ‘ತುವುಫ್ಫಿಯ’ (ತೀರಿಕೊಂಡನು) ಈ ಗುಂಪಿನದೇ. ಪ್ರಾಣವನ್ನು ಮರಳಿ ಪಡೆಯುವವನು ದೇವರು ಎಂಬ ಭಾವದಿಂದ ಸತ್ತವನು ಅಲ್ಲಿ ಕರ್ಮದ ಸ್ಥಾನದಲ್ಲಿರುತ್ತಾನೆ. ಇನ್ನು, ಓದುವಾಗ ಲೋಪವಾಗುವ ‘ಇ’ಯಿಂದ ಶುರುವಾಗುವವುಗಳಲ್ಲಿ ಮೊದಲನೆಯದರ ಜೊತೆಗೆ ಮೂರನೆಯ ಅಕ್ಷರಕ್ಕೂ ಉಕಾರ: ಇಂತಖಬ (ಚುನಾಯಿಸಿದನು) ಎಂಬುದು ಉಂತುಖಿಬ, ಇಸ್ತಖ್‌ದಮ (ಬಳಸಿದನು) ಎಂಬುದು ಉಸ್ತುಖ್‌ದಿಮ.

ವರ್ತಮಾನಕ್ಕೆ ಯಾವ ತಿದ್ದುಪಡಿಯೂ ಬೇಡ. ಆದರೆ ಒಂದು ಎಚ್ಚರಿಕೆ ಬೇಕು. ಕಸ್ಸರ, ಶಾಹದ, ಅರ್ಸಲ ಮಾದರಿಯ ಮೂರು ಗುಂಪುಗಳಲ್ಲಿ ಕರ್ತರಿ ವರ್ತಮಾನವೇ ಉಕಾರದಿಂದ ಶುರುವಾಗುತ್ತದೆ: ಯುಕಸ್ಸಿರು, ಯುಶಾಹಿದು, ಯುರ್ಸಿಲು. ಕರ್ಮಣಿಯಲ್ಲಿ ಅವು ಯುಕಸ್ಸರು, ಯುಶಾಹದು, ಯುರ್ಸಲು. ಅಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ಹಿಂದಿನ ಸ್ವರ ಒಂದೇ. ‘ಯು ಕಂಡರೆ ಕರ್ಮಣಿ’ ಎಂಬ ಅಡ್ಡದಾರಿಯನ್ನು ಕಲಿತವರು ಇಲ್ಲಿ ಪ್ರತಿ ಸಲ ಬೀಳುತ್ತಾರೆ. ಯುರ್ಸಿಲು ಎಂದರೆ ಕಳಿಸುತ್ತಾನೆ, ಯುರ್ಸಲು ಎಂದರೆ ಕಳಿಸಲ್ಪಡುತ್ತಾನೆ.

ಆರನೆಯ ಹಂತ: ಸ್ವರ ಬದಲಾದಾಗ ಅಕ್ಷರವೂ ಬದಲಾಗುವ ಪದಗಳು

ಮೂಲದಲ್ಲಿ ವಾವ್ ಅಥವಾ ಯಾ ಇರುವ ಕ್ರಿಯಾಪದಗಳೆಂದರೆ ಕಲಿಯುವವರಿಗೆ ಭಯ. ಕರ್ಮಣಿಯ ಮಟ್ಟಿಗೆ ಇವು ಉಪಕಾರಿಗಳೇ, ಏಕೆಂದರೆ ಸ್ವರಚಿಹ್ನೆ ಇಲ್ಲದ ಅಚ್ಚಿನಲ್ಲೂ ಇವುಗಳ ಕರ್ಮಣಿ ರೂಪ ಬಹಳ ಸಲ ಕಣ್ಣಿಗೆ ಕಾಣುತ್ತದೆ.

ಕಾಲ (ಹೇಳಿದನು) ಎಂಬುದರ ಕರ್ಮಣಿ ಕೀಲ (ಹೇಳಲಾಯಿತು). ನಡುವಿನ ಅಲಿಫ್ ಹೋಗಿ ಯಾ ಬಂದಿರುತ್ತದೆ. ವರ್ತಮಾನದಲ್ಲಿ ಯಕೂಲು ಎಂಬುದು ಯುಕಾಲು. ವಾವ್ ಹೋಗಿ ಅಲಿಫ್ ಬಂದಿರುತ್ತದೆ. ಬಾ’ಅ (ಮಾರಿದನು) ಎಂಬುದು ಬೀ’ಅ, ಯಬೀ’ಉ ಎಂಬುದು ಯುಬಾ’ಉ. ಒಂದೇ ತೊಡಕು: ‘ನಾನು ಮಾರಿದೆ’ ಮತ್ತು ‘ನಾನು ಮಾರಲ್ಪಟ್ಟೆ’ ಎರಡೂ ‘ಬಿ’ತು’ ಎಂದೇ ಆಗಿಬಿಡುತ್ತವೆ. ಅಂಥ ಕಡೆ ಸಂದರ್ಭವೇ ದಾರಿ.

ವಾವ್‌ನಿಂದ ಶುರುವಾಗುವ ಪದಗಳಲ್ಲಿ ನಡೆಯುವುದು ಇನ್ನೂ ಸ್ವಾರಸ್ಯ. ವಲದ (ಹೆತ್ತನು) ಎಂಬುದರ ಕರ್ತರಿ ವರ್ತಮಾನ ಯಲಿದು. ವಾವ್ ಕಾಣೆಯಾಗಿದೆ, ಏಕೆಂದರೆ ಅಕಾರ ಮತ್ತು ಇಕಾರಗಳ ನಡುವೆ ಅದು ಬಿದ್ದುಹೋಗುತ್ತದೆ. ಕರ್ಮಣಿಯಲ್ಲಿ ಮುಂದೆ ಉಕಾರ, ಹಿಂದೆ ಅಕಾರ. ಬೀಳುವ ಕಾರಣವೇ ಇಲ್ಲವಾದ್ದರಿಂದ ವಾವ್ ಮರಳಿ ಬಂದು ‘ಯೂಲದು’ ಎಂದಾಗುತ್ತದೆ. ಕುರ್‌ಆನಿನ 112ನೆಯ ಅಧ್ಯಾಯದ ಮೂರನೆಯ ವಚನದಲ್ಲಿ ಎರಡೂ ಅಕ್ಕಪಕ್ಕದಲ್ಲಿವೆ: ‘ಲಮ್ ಯಲಿದ್ ವ ಲಮ್ ಯೂಲದ್’. ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ. ನಮಾಝಿನಲ್ಲಿ ಇದನ್ನು ಓದುವವರ ನಾಲಿಗೆಯ ಮೇಲೆ ಕರ್ತರಿ, ಕರ್ಮಣಿಗಳ ಪೂರ್ತಿ ಪಾಠ ಆಗಲೇ ಇದೆ. ಅಂಗಡಿ, ಕಚೇರಿಗಳ ಫಲಕಗಳಲ್ಲಿ ಕಾಣುವ ‘ಯೂಜದು’ (ಇದೆ, ಸಿಗುತ್ತದೆ) ಕೂಡ ಇದೇ ಜಾತಿಯದು, ವಜದ (ಕಂಡುಕೊಂಡನು) ಎಂಬುದರ ಕರ್ಮಣಿ ವರ್ತಮಾನ.

ಕೊನೆಯಲ್ಲಿ ದುರ್ಬಲ ಅಕ್ಷರವಿರುವ ರಮಾ (ಎಸೆದನು) ಎಂಬುದು ಭೂತದಲ್ಲಿ ರುಮಿಯ, ವರ್ತಮಾನದಲ್ಲಿ ಯುರ್ಮಾ. ರಜಾ (ಆಶಿಸಿದನು) ಎಂಬುದು ರುಜಿಯ, ಯುರ್ಜಾ. ಈ ‘ಯುರ್ಜಾ’ವನ್ನು ನೆನಪಿಡಿ. ‘ದಯವಿಟ್ಟು ಕಾಯಿರಿ’, ‘ದಯವಿಟ್ಟು ಧೂಮಪಾನ ಮಾಡಬೇಡಿ’ ಎಂಬ ಅರಬಿ ಫಲಕಗಳು ಶುರುವಾಗುವುದು ಇದರಿಂದಲೇ. ‘ಆಶಿಸಲಾಗುತ್ತದೆ’ ಎಂಬುದು ಅದರ ಅಕ್ಷರಾರ್ಥ.

ಕೊನೆಯ ಎರಡು ಅಕ್ಷರಗಳು ಒಂದೇ ಆಗಿ ಒತ್ತಕ್ಷರವಾಗುವ ಪದಗಳೂ ಇವೆ. ರಜ್ಜ (ಅಲುಗಿಸಿದನು), ಯರುಜ್ಜು. ಕರ್ಮಣಿಯಲ್ಲಿ ರುಜ್ಜ, ಯುರಜ್ಜು. ಸೂತ್ರದ ಪ್ರಕಾರ ‘ಯುರ್ಜಜು’ ಆಗಬೇಕಿತ್ತು. ಎರಡು ಜಕಾರ ಕೂಡಿಕೊಂಡಾಗ ಅಕಾರ ಹಿಂದಿನ ‘ರ’ಕ್ಕೆ ಸರಿದಿದೆ.

ಏಳನೆಯ ಹಂತ: ಚಿಹ್ನೆಗಳಿಲ್ಲದ ಬರಹದಲ್ಲಿ ಗುರುತಿಸುವುದು

ಸೂತ್ರ ಗೊತ್ತಿದ್ದರೆ ಕಟ್ಟುವುದು ಸುಲಭ, ಗುರುತಿಸುವುದೇ ಕಷ್ಟ. ಕೊಲ್ಲಿ ರಾಷ್ಟ್ರದ ಔಷಧಿ ಅಂಗಡಿಯಲ್ಲಿ ಕೊಂಡ ಸಿರಪ್ಪಿನ ಬಾಟಲಿಯನ್ನು ಕೈಗೆ ತೆಗೆದುಕೊಳ್ಳೋಣ. ಅದರ ಮೇಲಿನ ಸೂಚನೆಗಳು ಸಾಮಾನ್ಯವಾಗಿ ಕರ್ಮಣಿಯಲ್ಲೇ ಇರುತ್ತವೆ, ಒಂದಕ್ಕೂ ಸ್ವರಚಿಹ್ನೆ ಇರುವುದಿಲ್ಲ.

ಮೊದಲ ಸಾಲು ಯಾ, ರಾ, ಜೀಮ್ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಮುಂದೆ ‘ಜಯ್ಯಿದನ್ ಕಬ್‌ಲಲ್ ಇಸ್ತಿ’ಮಾಲ್’ (ಚೆನ್ನಾಗಿ, ಬಳಸುವ ಮೊದಲು). ಯಾ ಇದೆ, ಆದ್ದರಿಂದ ವರ್ತಮಾನಕಾಲ. ಯುರ್ಜಾ ಆಗಿರಬಹುದೇ? ಅಲ್ಲ, ಅದಾಗಿದ್ದರೆ ಕೊನೆಯಲ್ಲಿ ಇನ್ನೊಂದು ಅಕ್ಷರ ಇರುತ್ತಿತ್ತು. ಹಾಗಾದರೆ ರಜ್ಜ ಎಂಬ ಒತ್ತಕ್ಷರದ ಪದ. ‘ಯರುಜ್ಜು’ ಎಂದು ಓದಿದರೆ ‘ಅವನು ಅಲುಗಿಸುತ್ತಾನೆ’ ಎಂದಾಗುತ್ತದೆ. ಯಾರು ಅವನು, ಯಾವುದನ್ನು ಅಲುಗಿಸುತ್ತಾನೆ ಎಂದು ಮುಂದೆ ಹುಡುಕಿದರೆ ಕರ್ತೃವೂ ಇಲ್ಲ, ಕರ್ಮವೂ ಇಲ್ಲ. ಸಕರ್ಮಕ ಕ್ರಿಯಾಪದ ಕರ್ಮವಿಲ್ಲದೆ ನಿಂತಿದ್ದರೆ ಕರ್ಮಣಿಯನ್ನು ಶಂಕಿಸಬೇಕು. ಯುರಜ್ಜು: ಅಲುಗಿಸಲ್ಪಡುತ್ತದೆ, ಅಂದರೆ ‘ಬಳಸುವ ಮೊದಲು ಚೆನ್ನಾಗಿ ಅಲುಗಿಸಿ’.

ಎರಡನೆಯ ಸಾಲು ಯಾ, ಹಾ, ಫಾ, ಝಾ. ಮುಂದೆ ‘ಫೀ ಮಕಾನಿನ್ ಬಾರಿದ್’ (ತಂಪಾದ ಜಾಗದಲ್ಲಿ). ಇದರ ಕರ್ತರಿ ಯಹ್‌ಫಝು, ಕರ್ಮಣಿ ಯುಹ್‌ಫಝು. ನಡುವಿನ ಅಕಾರ ಎರಡರಲ್ಲೂ ಒಂದೇ. ಚಿಹ್ನೆ ಹಾಕಿದ್ದರೂ ವ್ಯತ್ಯಾಸ ಮೊದಲ ಅಕ್ಷರದ ಮೇಲೆ ಮಾತ್ರ ಕಾಣುತ್ತಿತ್ತು. ಆದರೆ ವಾಕ್ಯದಲ್ಲಿ ಅನ್ವಯವಾಗುವುದು ಔಷಧಿಗೆ, ಔಷಧಿ ತಾನಾಗಿ ಯಾವುದನ್ನೂ ಕಾಪಾಡಿಡುವುದಿಲ್ಲ. ಯುಹ್‌ಫಝು: ಇಡಲ್ಪಡಬೇಕು. ಇದೇ ಪದ ಕೆಲವು ಪೆಟ್ಟಿಗೆಗಳ ಮೇಲೆ ತಾ ಅಕ್ಷರದಿಂದ ‘ತುಹ್‌ಫಝು’ ಎಂದಿರುತ್ತದೆ. ಆಗ ಮುಂದೆ ‘ಅಲ್ ಅದ್‌ವಿಯ’ (ಔಷಧಿಗಳು) ಎಂಬ ಬಹುವಚನ ಇದೆಯೇ ನೋಡಿ. ಬೆಟ್ಟಗಳಿಗೆ ‘ನುಸಿಬತ್’ ಬಂದ ಕಾರಣವೇ ಇಲ್ಲೂ.

ಮೂರನೆಯ ಸಾಲು: ಲಾ, ಆಮೇಲೆ ಯಾ, ಸಾದ್, ರಾ, ಫಾ, ಮುಂದೆ ‘ಇಲ್ಲಾ ಬಿ ವಸ್‌ಫತಿನ್ ತಿಬ್ಬಿಯ್ಯ’ (ವೈದ್ಯರ ಚೀಟಿಯ ಹೊರತು). ಕರ್ತರಿಯಲ್ಲಿ ಯಸ್ರಿಫು, ಔಷಧಿ ಕೊಡುತ್ತಾನೆ. ಮತ್ತೆ ಕೊಡುವವನೂ ಇಲ್ಲ, ಕೊಡುವ ವಸ್ತುವೂ ಇಲ್ಲ. ಲಾ ಯುಸ್ರಫು: ವೈದ್ಯರ ಚೀಟಿ ಇಲ್ಲದೆ ಕೊಡತಕ್ಕದ್ದಲ್ಲ.

ಆ ಪತ್ರಿಕೆಯ ಶೀರ್ಷಿಕೆಗೂ ಇದೇ ಪರೀಕ್ಷೆ. ಮೂರು ಅಕ್ಷರಗಳ ನಂತರ ‘ಖಮ್ಸತು ಅಶ್‌ಖಾಸಿನ್ ಫೀ ಹಾದಿಥಿನ್’ (ಐದು ಜನ, ಅಪಘಾತದಲ್ಲಿ) ಎಂದಿದೆ. ಐವರು ಕೊಂದರು ಎಂದಾದರೆ ಯಾರನ್ನು ಎಂಬುದು ಮುಂದೆ ಬರಬೇಕಿತ್ತು; ಅದರ ಬದಲು ಅಪಘಾತ ಬಂದಿದೆ. ಆದ್ದರಿಂದ ‘ಕುತಿಲ’. ಗೊಂದಲಕ್ಕೆ ಆಸ್ಪದವಿರುವ ಕಡೆ ಕೆಲವು ಪತ್ರಿಕೆಗಳು ಮೊದಲ ಅಕ್ಷರದ ಮೇಲೆ ದಮ್ಮವೊಂದನ್ನು ಮಾತ್ರ ಹಾಕಿ ಉಳಿದದ್ದನ್ನು ಓದುಗರಿಗೆ ಬಿಡುತ್ತವೆ. ಚಿಹ್ನೆಗಳೇ ಇಲ್ಲದ ಪುಟದಲ್ಲಿ ಒಂಟಿ ದಮ್ಮ ಕಂಡರೆ ಅದು ನಿಮಗಾಗಿಯೇ ಇಟ್ಟದ್ದು.

ಎಲ್ಲಿ ಈ ಸೂತ್ರ ನಡೆಯುವುದಿಲ್ಲ

ಅಕರ್ಮಕ ಕ್ರಿಯಾಪದಕ್ಕೆ ಕರ್ಮಣಿ ಇಲ್ಲ. ಜಲಸ (ಕುಳಿತನು) ಎಂಬುದನ್ನು ಹಾಗೆಯೇ ‘ಜುಲಿಸ’ ಮಾಡಿದರೆ ಪ್ರತಿನಿಧಿಯ ಜಾಗದಲ್ಲಿ ಕೂರಿಸಲು ಕರ್ಮವೇ ಇರುವುದಿಲ್ಲ. ಆದರೆ ಅಕರ್ಮಕದ ಜೊತೆ ಉಪಸರ್ಗದಂಥ ಅವ್ಯಯ ಬಂದಾಗ ದಾರಿ ತೆರೆಯುತ್ತದೆ. ಜಾಅ (ಬಂದನು) ಎಂಬುದಕ್ಕೆ ‘ಬಿ’ ಸೇರಿದರೆ ‘ತಂದನು’ ಎಂಬ ಅರ್ಥ. ಅದರ ಕರ್ಮಣಿ ‘ಜೀಅ ಬಿಲ್ ಕಿತಾಬಿ’ (ಪುಸ್ತಕ ತರಲಾಯಿತು). ಇಲ್ಲಿ ಕಿತಾಬ್ ಉಕಾರ ಪಡೆಯುವುದಿಲ್ಲ, ‘ಬಿ’ಯ ಹಿಡಿತದಲ್ಲಿ ಇಕಾರಾಂತವಾಗಿಯೇ ಇರುತ್ತದೆ. ಕ್ರಿಯಾಪದವೂ ಯಾರಿಗೂ ಹೊಂದಿಕೊಳ್ಳುವುದಿಲ್ಲ. ಸ್ತ್ರೀಲಿಂಗದ ಪತ್ರವಿದ್ದರೂ ‘ಜೀಅ ಬಿರ್ ರಿಸಾಲತಿ’ ಎಂದೇ ಹೇಳಬೇಕು.

‘ರಾಮನಿಂದ’ ಎಂಬುದಕ್ಕೆ ಅರಬಿ ಕರ್ಮಣಿಯಲ್ಲಿ ಸಾಂಪ್ರದಾಯಿಕವಾಗಿ ಜಾಗವಿಲ್ಲ. ಮಾಡಿದವನನ್ನು ಹೇಳಬೇಕೆಂದಿದ್ದರೆ ಕರ್ತರಿಯನ್ನೇ ಬಳಸಿ ಎಂಬುದು ಹಳೆಯ ನಿಯಮ. ಇಂದಿನ ಪತ್ರಿಕೆಗಳು ‘ಮಿನ್ ಕಿಬಲಿ’ (ಇವರ ಕಡೆಯಿಂದ) ಎಂದು ಸೇರಿಸಿ ಕರ್ತೃವನ್ನು ಹಿಂಬಾಗಿಲಿನಿಂದ ಒಳಗೆ ತರುತ್ತವೆ. ಓದುವಾಗ ಒಪ್ಪಿಕೊಳ್ಳಿ, ಬರೆಯುವಾಗ ಕೈ ತಡೆಯಿರಿ. ಅದೇ ಪತ್ರಿಕೆಗಳಲ್ಲಿ ಕರ್ಮಣಿಯನ್ನೇ ತಪ್ಪಿಸುವ ಇನ್ನೊಂದು ರೂಢಿಯೂ ಬೆಳೆದಿದೆ: ‘ತಮ್ಮ’ (ಪೂರ್ಣವಾಯಿತು) ಎಂಬ ಕ್ರಿಯಾಪದ, ಅದರ ಮುಂದೆ ಭಾವನಾಮ. ವಿಮಾನ ನಿಲ್ದಾಣವನ್ನು ತೆರೆಯಲಾಯಿತು ಎನ್ನಲು ‘ತಮ್ಮ ಇಫ್ತಿತಾಹುಲ್ ಮತಾರಿ’ ಎನ್ನುತ್ತಾರೆ, ಅಕ್ಷರಶಃ ‘ನಿಲ್ದಾಣದ ಉದ್ಘಾಟನೆ ಪೂರ್ಣವಾಯಿತು’. ಸ್ವರದ ಗೊಂದಲವಿಲ್ಲದ್ದರಿಂದ ವರದಿಗಾರರಿಗೆ ಇದು ಪ್ರಿಯ. ಕನ್ನಡಿಗರಿಗೆ ಮಾತ್ರ ಮೊದಮೊದಲು ಪ್ರತಿ ಸುದ್ದಿಯಲ್ಲೂ ಯಾರದೋ ತಮ್ಮ ಬಂದ ಹಾಗೆ ಕೇಳಿಸುತ್ತದೆ.

ಆಡುಮಾತಿನಲ್ಲಿ ಒಳಸ್ವರ ಬದಲಿಸುವ ಈ ಕರ್ಮಣಿ ಬಹುತೇಕ ಕಡೆ ಮರೆಯಾಗಿದೆ. ಕೊಲ್ಲಿಯ ಆಡುಮಾತಿನಲ್ಲಿ ‘ಬರೆಯಲ್ಪಟ್ಟಿತು’ ಎನ್ನಲು ಮುಂದೆ ‘ಇನ್’ ಸೇರಿಸಿ ‘ಇನ್‌ಕತಬ್’ ಎನ್ನುತ್ತಾರೆ, ಈಜಿಪ್ಟಿನವರು ‘ಇತ್‌ಕತಬ್’ ಎನ್ನುತ್ತಾರೆ. ಅಂಗಡಿಯವನ ಜೊತೆ ಮಾತನಾಡುವಾಗ ‘ಕುತಿಬ’ ಎಂದರೆ ಅವನಿಗೆ ಅರ್ಥವಾಗುತ್ತದೆ, ಆದರೆ ವಾರ್ತೆ ಓದುತ್ತಿದ್ದೀರಿ ಎನಿಸುತ್ತದೆ. ಬಾಟಲಿ, ಪತ್ರಿಕೆ, ಒಪ್ಪಂದದ ಕಾಗದ, ಕುರ್‌ಆನ್: ಈ ಲೇಖನದ ಸೂತ್ರಗಳು ಅಲ್ಲಿಗೆ.